ವರ್ಗಾವಣೆಯ ದಾರ ಯಾರ ಕೈಯಲ್ಲಿ?

ಮೇ, ಜೂನ್ ತಿಂಗಳು ಬಂತೆಂದರೆ ವಿಧಾನಸೌಧದಲ್ಲಿ ವರ್ಗಾವಣೆಯ ಕಾಲ. ಇಂಥ ತಾಲ್ಲೂಕಿನ ತಹಶೀಲ್ದಾರರನ್ನು ಬದಲಿಸಿ, ಅವರ ಜಾಗಕ್ಕೆ ಇಂಥವರನ್ನೇ ಕೊಡಿ ಎಂದು ಶಾಸಕರು ಪತ್ರ ಬರೆಯುತ್ತಾರೆ. ಜನರ ಕೆಲಸ ಮಾಡಿಕೊಡುವ ಅಧಿಕಾರಿ ಬೇಕೆಂದು ಜನಪ್ರತಿನಿಧಿ ಕೇಳುವುದರಲ್ಲಿ ತಪ್ಪೇನು ಎಂದು ಯಾರಿಗಾದರೂ ಅನ್ನಿಸಬಹುದು. ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಪ್ರಜಾಪ್ರಭುತ್ವದ ಒಳಗಿರುವ ಒಂದು ದೊಡ್ಡ ತೊಡಕು ಎದುರಾಗುತ್ತದೆ. ಅರ್ಥಶಾಸ್ತ್ರಜ್ಞರು ಅದನ್ನು ಪ್ರಿನ್ಸಿಪಲ್-ಏಜೆಂಟ್ ಸಮಸ್ಯೆ ಎನ್ನುತ್ತಾರೆ. ನಾವು ಅದನ್ನು ಒಡೆಯ ಮತ್ತು ಪ್ರತಿನಿಧಿಯ ಸಮಸ್ಯೆ ಎನ್ನಬಹುದು.

ದೂರದ ಊರಿನಲ್ಲಿರುವವರು ಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ದುಡ್ಡು ಅವರದು, ಕೆಲಸ ಮೇಸ್ತ್ರಿಯದು. ಸಿಮೆಂಟಿಗೆ ಮರಳು ಎಷ್ಟು ಬೆರೆಸಿದ ಎಂಬುದು ಮೇಸ್ತ್ರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವನ ಲಾಭ ಮತ್ತು ಇವರ ಲಾಭ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಕೆಲಸ ಒಪ್ಪಿಸಿದವರಿಗೆ ಕೆಲಸ ಕಾಣುವುದಿಲ್ಲ, ಮಾಡುವವರಿಗೆ ತಮ್ಮದೇ ಲೆಕ್ಕಾಚಾರ ಇರುತ್ತದೆ. ಸಮಸ್ಯೆಯ ತಿರುಳು ಈ ಎರಡೇ ಅಂಶಗಳಲ್ಲಿದೆ.

ಸರ್ಕಾರದಲ್ಲಿ ಇದು ಎರಡು ಮೆಟ್ಟಿಲಿನ ಸಮಸ್ಯೆ. ಮತದಾರರು ಒಡೆಯರು, ಶಾಸಕರು ಅವರ ಪ್ರತಿನಿಧಿ. ಆದರೆ ಖಾತೆ ಬದಲಿಸುವುದು, ಪಿಂಚಣಿ ಮಂಜೂರು ಮಾಡುವುದು, ನಾಲೆಗೆ ನೀರು ಬಿಡುವುದು ಶಾಸಕರಲ್ಲ, ಅಧಿಕಾರಿಗಳು. ಶಾಸಕರು ಮತ್ತು ಸಚಿವರು ಅವರ ಮೇಲೆ ಒಡೆಯರ ಸ್ಥಾನದಲ್ಲಿರುತ್ತಾರೆ. ಹೀಗೆ ನಮಗೂ ನಮ್ಮ ಕೆಲಸಕ್ಕೂ ನಡುವೆ ಎರಡು ಕೊಂಡಿಗಳಿವೆ. ಕರ್ನಾಟಕದ ವಿಧಾನಸಭೆಯಲ್ಲಿ 224 ಕ್ಷೇತ್ರಗಳಿವೆ. ಒಂದೊಂದರಲ್ಲಿ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಐದು ವರ್ಷಕ್ಕೊಮ್ಮೆ ಅವರ ಕೈಗೆ ಸಿಗುವುದು ಒಂದೇ ಮತ. ರಸ್ತೆ, ಆಸ್ಪತ್ರೆ, ಜಾತಿ, ಪಕ್ಷ, ಮುಖ್ಯಮಂತ್ರಿ ಎಲ್ಲದರ ತೀರ್ಪನ್ನೂ ಆ ಒಂದು ಮತದಲ್ಲೇ ಹೇಳಬೇಕು. ತಾಲ್ಲೂಕು ಕಚೇರಿಯಲ್ಲಿ ಕಡತ ಏಕೆ ನಿಂತಿತು ಎಂಬ ಪ್ರಶ್ನೆಗೆ ಅದರಲ್ಲಿ ಎಷ್ಟು ಜಾಗ ಉಳಿದೀತು?

ಇನ್ನು ಎರಡನೆಯ ಕೊಂಡಿ. ಅಧಿಕಾರಿಯ ಮೇಲೆ ಶಾಸಕರಿಗೆ ಕಾನೂನಿನ ಹಿಡಿತ ಬಹಳ ಕಡಿಮೆ. ನೇಮಕಾತಿ ಲೋಕಸೇವಾ ಆಯೋಗದ ಮೂಲಕ ಆಗುತ್ತದೆ. ಸಂಬಳವನ್ನು ವೇತನ ಆಯೋಗದ ಶಿಫಾರಸಿನಂತೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಗೊತ್ತು ಮಾಡುತ್ತಾರೆ. ವಿಚಾರಣೆ ನಡೆಸದೆ ವಜಾ ಮಾಡಲು ಸಂವಿಧಾನದ 311ನೇ ವಿಧಿ ಬಿಡುವುದಿಲ್ಲ. ರಾಜಕಾರಣಿಯ ಸಿಟ್ಟಿಗೆ ನೌಕರ ಬಲಿಯಾಗಬಾರದು ಎಂದೇ ಈ ರಕ್ಷಣೆಗಳನ್ನು ಕೊಡಲಾಗಿದೆ. ಆದರೆ ಒಂದು ಬಾಗಿಲು ಮಾತ್ರ ತೆರೆದೇ ಇದೆ. ವರ್ಗಾವಣೆಯನ್ನು ಕಾನೂನು ಶಿಕ್ಷೆ ಎಂದು ಎಣಿಸುವುದಿಲ್ಲ. ಅದಕ್ಕೆ ವಿಚಾರಣೆ ಬೇಕಿಲ್ಲ, ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಕನಿಷ್ಠ ಅವಧಿಯ ಮಾರ್ಗಸೂಚಿ ಇದ್ದರೂ ಮುಖ್ಯಮಂತ್ರಿಯವರ ಒಪ್ಪಿಗೆ ಪಡೆದು ಅವಧಿಗೆ ಮುನ್ನವೇ ಎತ್ತಂಗಡಿ ಮಾಡಬಹುದು. ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ, ಬ್ಯಾಂಕ್ ಸಾಲದ ಮನೆ ಇವನ್ನೆಲ್ಲ ಬಿಟ್ಟು ದೂರದ ಜಿಲ್ಲೆಗೆ ಹೋಗಬೇಕಾದ ನೌಕರರಿಗೆ ಮಾತ್ರ ಅದು ಶಿಕ್ಷೆಯೇ. ಬೇರೆಲ್ಲ ಹಗ್ಗ ಬಿಗಿಯಾಗಿ ಕಟ್ಟಿರುವುದರಿಂದ ಶಾಸಕರ ಕೈಯೆಲ್ಲ ಈ ಒಂದು ದಾರದ ಮೇಲೆ ಬಂದು ನಿಲ್ಲುತ್ತದೆ.

ಈ ದಾರ ಒಳ್ಳೆಯದಕ್ಕೂ ಬಳಕೆಯಾಗುತ್ತದೆ. ಲಂಚಕೋರ ಅಧಿಕಾರಿಯ ಬಗ್ಗೆ ಜನ ದೂರಿದಾಗ, ಶಾಸಕರು ಮಾತನಾಡಿ, ಆ ಅಧಿಕಾರಿಯ ಎತ್ತಂಗಡಿಯಾದರೆ ಮತದಾರರ ಸಿಟ್ಟು ಎರಡು ಕೊಂಡಿಗಳನ್ನೂ ದಾಟಿ ತಲುಪಬೇಕಾದಲ್ಲಿಗೆ ತಲುಪಿದಂತೆ. ಆದರೆ ಅಧಿಕಾರಿಯ ಬದುಕು ಶಾಸಕರ ಪತ್ರದ ಮೇಲೆ ನಿಂತಿದೆ ಎಂದಾದ ಕ್ಷಣದಿಂದ ಆ ಅಧಿಕಾರಿ ಮೆಚ್ಚಿಸಬೇಕಾದದ್ದು ಮತದಾರರನ್ನಲ್ಲ, ಪತ್ರ ಬರೆಯುವವರನ್ನು. ಇಬ್ಬರ ಹಿತವೂ ಒಂದೇ ಆಗಿದ್ದಲ್ಲಿ ತೊಂದರೆಯಿಲ್ಲ. ಬೇರೆಯಾದಲ್ಲಿ ಏನಾಗುತ್ತದೆ ಎಂಬುದನ್ನು ರಾಬರ್ಟ್ ವೇಡ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಒಂದು ರಾಜ್ಯದ ನೀರಾವರಿ ಇಲಾಖೆಯಲ್ಲಿ ಕಂಡರು. ಅವರ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಇಂದಿಗೂ ಈ ವಿಷಯದಲ್ಲಿ ಅದನ್ನು ಬಿಟ್ಟು ಮಾತನಾಡುವಂತಿಲ್ಲ.

ವೇಡ್ ಕಂಡದ್ದು ಹೀಗಿತ್ತು. ದೊಡ್ಡ ನಾಲೆಯ ನಿರ್ವಹಣೆ ನೋಡಿಕೊಳ್ಳುವ ಇಂಜಿನಿಯರ್ ಹುದ್ದೆಗೆ ಒಂದು ಬೆಲೆಯಿತ್ತು. ಒಳ್ಳೆಯ ಜಾಗವಾದರೆ ಅದು ವಾರ್ಷಿಕ ಸಂಬಳದ ಹಲವು ಪಟ್ಟು. ಕೂರಲು ಸಿಗುವುದು ಸುಮಾರು ಎರಡು ವರ್ಷ. ಅಷ್ಟರೊಳಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬೇಕು, ಮುಂದಿನ ಜಾಗಕ್ಕೂ ಕೂಡಿಡಬೇಕು. ಹಣ ಬರುವ ದಾರಿ ಎರಡು. ದುರಸ್ತಿ ಕಾಮಗಾರಿಯ ಬಿಲ್ಲುಗಳಲ್ಲಿ ಗುತ್ತಿಗೆದಾರರ ಜೊತೆ ಹಂಚಿಕೆ ಒಂದು, ನೀರಿಗಾಗಿ ರೈತರು ಕೊಡುವ ಮಾಮೂಲು ಇನ್ನೊಂದು. ಹೀಗೆ ಬಂದ ಹಣದ ಒಂದು ಪಾಲು ಮೇಲಧಿಕಾರಿಗಳನ್ನೂ ರಾಜಕಾರಣಿಗಳನ್ನೂ ತಲುಪುತ್ತಿತ್ತು. ಚುನಾವಣೆಯ ಖರ್ಚಿಗೆ ಅದೂ ಒಂದು ಮೂಲವಾಗಿತ್ತು.

ಇಲ್ಲಿಂದ ಮುಂದಿನ ಅಂಶವೇ ಮುಖ್ಯ. ನಾಲೆಯಲ್ಲಿ ನೀರು ಹೊತ್ತಿಗೆ ಸರಿಯಾಗಿ, ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದರೆ ರೈತರು ಯಾರಿಗೂ ಏನೂ ಕೊಡಬೇಕಿಲ್ಲ. ಮುಂದಿನ ಸರದಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಇದ್ದರೆ ಮಾತ್ರ ಕೈ ಬಿಚ್ಚುತ್ತಾರೆ. ಹಾಗಾಗಿ ನೀರಿನ ಸರಬರಾಜನ್ನು ಖಚಿತಪಡಿಸಲೆಂದೇ ಇರುವ ಇಂಜಿನಿಯರಿಗೆ ಅದನ್ನು ಅನಿಶ್ಚಿತವಾಗಿ ಇಡುವುದೇ ಲಾಭ. ನಾಲೆಯ ಕೊನೆಯಂಚಿನ ಹೊಲಗಳು ಒಣಗುವುದಕ್ಕೆ ಮಳೆಯ ಕೊರತೆ ಒಂದೇ ಕಾರಣವಲ್ಲ, ಹುದ್ದೆಯ ಬೆಲೆಯೂ ಕಾರಣ ಎಂಬುದನ್ನು ಈ ಅಧ್ಯಯನ ತೋರಿಸಿತು. ಪ್ರಾಮಾಣಿಕ ಇಂಜಿನಿಯರುಗಳು ಇರಲಿಲ್ಲವೆಂದಲ್ಲ. ಹಣ ಕೊಡದವರಿಗೆ, ಮೇಲಕ್ಕೆ ಕಳಿಸದವರಿಗೆ ಇಂಥ ಜಾಗಗಳಲ್ಲಿ ಉಳಿಯುವುದು ಕಷ್ಟವಾಗಿತ್ತು. ಕೆಟ್ಟ ವ್ಯಕ್ತಿಗಳು ವ್ಯವಸ್ಥೆಗೆ ಬಂದು ಸೇರಿದ್ದಕ್ಕಿಂತ, ಯಾರು ಎಲ್ಲಿ ಉಳಿಯಬೇಕೆಂದು ವ್ಯವಸ್ಥೆಯೇ ಆರಿಸುತ್ತಿತ್ತು ಎಂಬುದು ಹೆಚ್ಚು ಸರಿ.

ಐಎಎಸ್ ಅಧಿಕಾರಿಗಳ ಮಟ್ಟದಲ್ಲಿ ಲಕ್ಷ್ಮಿ ಅಯ್ಯರ್ ಮತ್ತು ಆನಂದಿ ಮಣಿ ಎಂಬ ಅರ್ಥಶಾಸ್ತ್ರಜ್ಞರು 1980ರಿಂದ 2004ರವರೆಗಿನ ಸೇವಾ ದಾಖಲೆಗಳನ್ನು ನೋಡಿದರು. ಒಂದು ಹುದ್ದೆಯಲ್ಲಿ ಅಧಿಕಾರಿ ಇರುವ ಸರಾಸರಿ ಅವಧಿ 16 ತಿಂಗಳು. ಹೊಸ ಮುಖ್ಯಮಂತ್ರಿ ಬಂದಾಗ ವರ್ಗಾವಣೆಗಳು ಹೆಚ್ಚುತ್ತವೆ. ಮಹತ್ವದ ಹುದ್ದೆಗೆ ಎರಡು ದಾರಿಗಳಿವೆ: ಪರಿಣತಿ ಒಂದು, ರಾಜಕೀಯ ನಿಷ್ಠೆ ಇನ್ನೊಂದು. ಎರಡನೆಯ ದಾರಿ ತೆರೆದಿದ್ದರೆ ಮೊದಲನೆಯದಕ್ಕೆ ಬೇಕಾದ ಶ್ರಮ ಕಡಿಮೆಯಾಗುತ್ತದೆ.

ಹಾಗಾದರೆ ದಾರವನ್ನು ಕತ್ತರಿಸಿಬಿಟ್ಟರೆ ಸರಿಹೋಗುತ್ತದೆಯೇ? ಕರ್ನಾಟಕದಲ್ಲೇ ಒಂದು ಉದಾಹರಣೆಯಿದೆ. ಸರ್ಕಾರಿ ಶಾಲಾ ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆ ಅದರ ಜಾಗಕ್ಕೆ ಬಂತು. ಪತಿ-ಪತ್ನಿ ಪ್ರಕರಣ, ಗಂಭೀರ ಕಾಯಿಲೆ, ಅಂಗವೈಕಲ್ಯ ಮುಂತಾದ ಆದ್ಯತೆಗಳನ್ನು ಗೊತ್ತು ಮಾಡಿ, ಪಟ್ಟಿ ಪ್ರಕಟಿಸಿ, ಕೌನ್ಸೆಲಿಂಗ್‌ನಲ್ಲಿ ಖಾಲಿ ಜಾಗಗಳನ್ನು ಎಲ್ಲರೆದುರು ಆರಿಸಿಕೊಳ್ಳುವ ಪದ್ಧತಿ ಅದು. ತಮ್ಮ ಮುಂದೆ ಯಾರಿದ್ದಾರೆ, ಏಕಿದ್ದಾರೆ ಎಂಬುದು ಪ್ರತಿ ಶಿಕ್ಷಕರಿಗೂ ಕಾಣುತ್ತದೆ. ಪತ್ರಕ್ಕಿದ್ದ ಬೆಲೆ ಇಲ್ಲಿ ತಗ್ಗಿತು. ಆದರೆ ಶಾಲೆಗೆ ಹೊತ್ತಿಗೆ ಸರಿಯಾಗಿ ಬಾರದ ಶಿಕ್ಷಕರನ್ನು ಹೊಣೆ ಮಾಡುವ ಪ್ರಶ್ನೆಗೆ ಕೌನ್ಸೆಲಿಂಗ್ ಉತ್ತರವಲ್ಲ. ಅದು ನೌಕರರನ್ನು ಶಾಸಕರಿಂದ ಬಿಡಿಸುತ್ತದೆ, ಪೋಷಕರಿಗೆ ಉತ್ತರ ಕೊಡುವಂತೆ ಮಾಡುವುದಿಲ್ಲ.

ಸುಪ್ರೀಂ ಕೋರ್ಟ್‌ನ ದಾರಿಗೂ ಇದೇ ಮಿತಿ ಇದೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ನ್ಯಾಯಾಲಯ ಮೂರು ಮಾತು ಹೇಳಿತು. ವರ್ಗಾವಣೆಗೆ ಸಲಹೆ ಕೊಡಲು ನಾಗರಿಕ ಸೇವಾ ಮಂಡಳಿ ಇರಬೇಕು, ಹುದ್ದೆಗೆ ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಸೂಚನೆಗಳನ್ನು ಅಧಿಕಾರಿಗಳು ಬರಹದಲ್ಲಿ ದಾಖಲಿಸಬೇಕು. ಮರುವರ್ಷ ಐಎಎಸ್ ನಿಯಮಗಳಿಗೆ ಎರಡು ವರ್ಷದ ಕನಿಷ್ಠ ಅವಧಿ ಸೇರಿತು. ಮಂಡಳಿಯ ಸಲಹೆಯನ್ನು ತಳ್ಳಿಹಾಕುವ ಅವಕಾಶ ಸರ್ಕಾರಕ್ಕೆ ಉಳಿದರೂ ಕಾರಣ ಬರೆಯಲೇಬೇಕಾಯಿತು. ಈ ಮೂರರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಕೊನೆಯದು. ಫೋನಿನಲ್ಲಿ ಬಂದ ಸೂಚನೆ ಕಡತಕ್ಕೆ ಬಂದರೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೂ ಅದು ಸಿಗಬಹುದು. ಆದರೆ ಬರೆದಿಡುವವರು ಮತ್ತೆ ವರ್ಗಾವಣೆಗೆ ಹೆದರುವ ಅದೇ ಅಧಿಕಾರಿ. ಈ ಸುಧಾರಣೆ ನಿಧಾನವಾಗಿರುವುದಕ್ಕೆ ಅದೂ ಕಾರಣ.

ಇನ್ನೊಂದು ದಾರಿ, ಮತದಾರರಿಗೇ ನೇರ ಕಣ್ಣು ಕೊಡುವುದು. ಕರ್ನಾಟಕದ ‘ಸಕಾಲ’ 2011ರ ಕಾಯ್ದೆಯಿಂದ ಹುಟ್ಟಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಕೆಲಸ ಮುಗಿಯಬೇಕಾದ ದಿನ ಗೊತ್ತಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಿ ಮೇಲ್ಮನವಿ ಹೋಗಬಹುದು. ಮೊತ್ತ ಸಣ್ಣದು. ಆದರೆ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬ ಮಾಹಿತಿ ಮೊದಲ ಬಾರಿಗೆ ಒಡೆಯರ ಕಡೆಗೂ ಬಂತು. ಇದರ ದೋಷವನ್ನೂ ಗುರುತಿಸುವುದು ಸುಲಭ. ಗಡುವನ್ನು ಅಳೆದರೆ ಗಡುವಿನೊಳಗೆ ಅರ್ಜಿ ತಿರಸ್ಕರಿಸುವ ಆಸೆಯೂ ಹುಟ್ಟುತ್ತದೆ. ವಿಲೇವಾರಿ ಎಷ್ಟು ಎಂದು ಕೇಳಿದರೆ ಸಾಲದು, ಅದರಲ್ಲಿ ತಿರಸ್ಕೃತ ಎಷ್ಟು, ಯಾವ ಕಾರಣಕ್ಕೆ ಎಂದೂ ಕೇಳಬೇಕು. ಒಂದೇ ಸೇವೆಯಲ್ಲಿ ಪಕ್ಕದ ತಾಲ್ಲೂಕಿಗಿಂತ ನಿಮ್ಮ ತಾಲ್ಲೂಕಿನಲ್ಲಿ ತಿರಸ್ಕಾರ ಬಹಳ ಹೆಚ್ಚಿದ್ದರೆ ಅಲ್ಲಿ ಏನೋ ಸರಿಯಿಲ್ಲ.

ಶಾಸಕರಿಗೆ ಅಧಿಕಾರಿಗಳನ್ನು ಹಿಡಿದು ಕೇಳಲು ಸಂವಿಧಾನ ಕೊಟ್ಟ ಜಾಗ ಸದನ. ಪ್ರಶ್ನೋತ್ತರ ಅವಧಿ ಇದೆ, ಮಹಾಲೇಖಪಾಲರ ವರದಿಯನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ವರ್ಷಕ್ಕೆ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿತು. ಅಷ್ಟು ದಿನ ಸೇರುವುದು ಅಪರೂಪ. ಸದನದಲ್ಲಿ ಕೇಳಿದ ಪ್ರಶ್ನೆ ದಾಖಲೆಯಾಗುತ್ತದೆ, ಎಲ್ಲರ ಪರವಾಗಿರುತ್ತದೆ. ಶಿಫಾರಸು ಪತ್ರ ಹಾಗಲ್ಲ, ಅದು ಕೆಲವರ ಪರವಾಗಿ ಬಾಗಿಲ ಹಿಂದೆ ನಡೆಯುವ ವ್ಯವಹಾರ. ಮೊದಲನೆಯದು ಸೊರಗಿದಷ್ಟೂ ಎರಡನೆಯದು ಬೆಳೆಯುತ್ತದೆ.

ಇದರಲ್ಲಿ ಮತದಾರರಾದ ನಮ್ಮ ಪಾಲೂ ಇದೆ. ಬೆಳಿಗ್ಗೆ ಶಾಸಕರ ಮನೆಯ ಮುಂದೆ ಸೇರುವ ಜನ ಕೇಳುವುದು ಹೆಚ್ಚಾಗಿ ಕಾನೂನನ್ನಲ್ಲ, ಒಂದು ಫೋನ್ ಕರೆಯನ್ನು. ನನ್ನ ಖಾತೆ, ನನ್ನ ಮಗನ ಪ್ರಮಾಣಪತ್ರ, ನನ್ನ ತಾಯಿಯ ಪಿಂಚಣಿ. ಕಚೇರಿಯಲ್ಲಿ ಕೆಲಸ ಆಗದಿದ್ದಾಗ ಬಡವರಿಗೆ ಬೇರೆ ದಾರಿಯಿಲ್ಲ, ಅವರನ್ನು ದೂರುವುದು ಅನ್ಯಾಯ. ಆದರೆ ಫೋನ್ ಮಾಡಿದರೆ ಕೆಲಸ ಆಗಬೇಕಾದರೆ ಆ ಕಡೆ ಮಾತು ಕೇಳುವ ಅಧಿಕಾರಿ ಇರಬೇಕು. ಅಂಥವರನ್ನು ತರಲು ಪತ್ರ ಬೇಕು, ಪತ್ರದ ಹಿಂದೆ ವ್ಯವಹಾರ ಬರುತ್ತದೆ. ಒಡೆಯರಾದ ನಾವು ಒಬ್ಬೊಬ್ಬರಾಗಿ ಕೇಳುವ ಸಣ್ಣ ಸಹಾಯಗಳೆಲ್ಲ ಸೇರಿ ಶಾಸಕರಿಗೆ ಆ ದಾರ ಬೇಕೇಬೇಕು ಎನ್ನಿಸುತ್ತದೆ.

ಆದ್ದರಿಂದ ಮುಂದಿನ ಸಲ ಮತ ಕೇಳಲು ಬಂದವರಿಗೆ ಹಾಕಬೇಕಾದ ಪ್ರಶ್ನೆಗಳು ಬೇರೆ. ನಮ್ಮ ತಾಲ್ಲೂಕಿನ ತಹಶೀಲ್ದಾರರು ಐದು ವರ್ಷಗಳಲ್ಲಿ ಎಷ್ಟು ಸಲ ಬದಲಾದರು, ಪ್ರತಿ ಸಲವೂ ಕಡತದಲ್ಲಿ ಬರೆದ ಕಾರಣವೇನು? ಸದನದಲ್ಲಿ ನೀವು ನಮ್ಮ ತಾಲ್ಲೂಕು ಕಚೇರಿಯ ಬಗ್ಗೆ ಎಷ್ಟು ಪ್ರಶ್ನೆ ಕೇಳಿದಿರಿ? ಇವೆರಡಕ್ಕೂ ಉತ್ತರ ಸರ್ಕಾರಿ ದಾಖಲೆಗಳಲ್ಲಿದೆ, ಮಾಹಿತಿ ಹಕ್ಕಿನ ಅರ್ಜಿಯಿಂದ ಮೊದಲೇ ತರಿಸಿಕೊಳ್ಳಬಹುದು. ಒಬ್ಬರು ಕೇಳಿದರೆ ಉತ್ತರಿಸದೆ ಮುಂದೆ ಹೋದಾರು. ಹತ್ತು ಊರುಗಳಲ್ಲಿ ಇದೇ ಎರಡು ಪ್ರಶ್ನೆಗಳು ಎದುರಾದರೆ, ಉತ್ತರ ಸಿದ್ಧಪಡಿಸಿಕೊಂಡು ಬರುವ ಅಗತ್ಯ ಅವರಿಗೂ ಹುಟ್ಟುತ್ತದೆ.