ಒಂದೂವರೆ ಲೀಟರ್ ಮತ್ತು ಹಂಡೆ ಒಲೆ

2021ರ ಎರಡನೇ ಅಲೆಯ ಹೊತ್ತಿಗೆ ನಮ್ಮ ಮನೆಗಳಲ್ಲೆಲ್ಲ ಒಂದು ಸಂಖ್ಯೆ ಬಾಯಿಪಾಠವಾಯಿತು: 94. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅದಕ್ಕಿಂತ ಕಡಿಮೆ ತೋರಿಸಿದರೆ ಅಪಾಯ. ಕೋವಿಡ್ ರೋಗಿಗೆ ಅದು ಸರಿಯಾದ ಎಚ್ಚರಿಕೆಯೇ ಆಗಿತ್ತು. ಆಗ ಕೊಂಡ ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳು ಈಗ ನೆಂಟರಿಷ್ಟರ ಕೈದಾಟಿ, ಸಿಒಪಿಡಿ ಎಂಬ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರ ಮಂಚದ ಪಕ್ಕಕ್ಕೂ ಬಂದಿವೆ. ಯಂತ್ರದ ಜೊತೆಗೆ ಆ 94 ಕೂಡ ಬಂದಿದೆ. ಈ ರೋಗಿಗಳಿಗೆ ಅದು ಹೊಂದುವುದಿಲ್ಲ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಜ್ಜಿಗೆ ಅರವತ್ತೆಂಟು. ಬೀಡಿ ಮುಟ್ಟಿದವರಲ್ಲ, ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಹೊಗೆ ಕುಡಿದವರು. ಡಾಕ್ಟರ ಚೀಟಿಯಲ್ಲಿ ಬರೆದಿರುವುದು ಇಷ್ಟು: ನಿಮಿಷಕ್ಕೆ ಒಂದೂವರೆ ಲೀಟರ್, ದಿನಕ್ಕೆ ಹದಿನಾರು ಗಂಟೆ, ಆಕ್ಸಿಮೀಟರ್ 88ರಿಂದ 92ರ ನಡುವೆ ಇರಲಿ. ಸಂಜೆ ಸೊಸೆ ನೋಡಿದಾಗ 89 ಇತ್ತು. ಗಾಬರಿಯಾಗಿ ಗುಬಟನ್ನು ನಾಲ್ಕು ಲೀಟರಿಗೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ 97 ಬಂತು. ಮನೆಯವರಿಗೆಲ್ಲ ಸಮಾಧಾನ. ಅಜ್ಜಿಯೂ ಬೇಗ ನಿದ್ದೆ ಹೋದರು. ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಡಲು ಕಷ್ಟ, ತಲೆನೋವು, ಮಾತು ತೊದಲು, ಕೈ ಚಾಚಿದರೆ ಅಂಗೈ ಪಟಪಟನೆ ಅದುರುತ್ತಿತ್ತು.

ಆಗಿದ್ದು ಹೀಗೆ. ಹಾಳಾದ ಶ್ವಾಸಕೋಶ ತನ್ನದೇ ಒಂದು ಹೊಂದಾಣಿಕೆ ಮಾಡಿಕೊಂಡಿರುತ್ತದೆ. ಗಾಳಿ ಸರಿಯಾಗಿ ಆಡದ ಭಾಗಗಳಿಗೆ ರಕ್ತ ಹೋಗುವುದನ್ನು ತಗ್ಗಿಸಿ, ಚೆನ್ನಾಗಿರುವ ಭಾಗಗಳ ಕಡೆಗೆ ಹರಿಸುತ್ತದೆ. ಆಮ್ಲಜನಕ ವಿಪರೀತವಾದರೆ ಈ ಕಟ್ಟುಪಾಡು ಸಡಿಲವಾಗುತ್ತದೆ. ಗಾಳಿಯಾಡದ ಕಡೆಗೂ ರಕ್ತ ಹೋಗಿ, ತನ್ನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹಾಕಲಾಗದೆ ಹಾಗೇ ವಾಪಸು ಬರುತ್ತದೆ. ಕೆಲವರಲ್ಲಿ ಉಸಿರಾಟದ ಚುರುಕೂ ಕುಗ್ಗುತ್ತದೆ. ಹೀಗೆ ರಕ್ತದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್ ಮಂಪರು ತರಿಸುತ್ತದೆ. ಆಕ್ಸಿಮೀಟರ್ ಇದನ್ನು ಅಳೆಯುವುದೇ ಇಲ್ಲ. ಅದು 97 ತೋರಿಸುತ್ತಲೇ ಇರುತ್ತದೆ. ಹಾಗಾಗಿ ಇಂಥ ರೋಗಿ ಎಂದಿಗಿಂತ ಹೆಚ್ಚು ನಿದ್ದೆಗಣ್ಣಿನಲ್ಲಿದ್ದರೆ, ಬೆಳಿಗ್ಗೆ ತಲೆನೋವು ಎಂದರೆ, ಹೊಸದಾಗಿ ಗೊಂದಲದ ಮಾತಾಡಿದರೆ ‘ಪಾಪ, ಚೆನ್ನಾಗಿ ಮಲಗಲಿ’ ಎಂದು ಬಿಡಬಾರದು. ಗಾಬರಿಯಲ್ಲಿ ಪೈಪನ್ನು ಪೂರ್ತಿ ಕಿತ್ತುಹಾಕಲೂಬಾರದು. ಆಮ್ಲಜನಕ ಒಮ್ಮೆಲೇ ನಿಂತರೆ ಮಟ್ಟ ಮೊದಲಿಗಿಂತ ಕೆಳಕ್ಕೆ ಕುಸಿಯಬಹುದು. ಗುಬಟನ್ನು ಚೀಟಿಯಲ್ಲಿರುವ ಒಂದೂವರೆಗೆ ತಂದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಆ ಒಂದೂವರೆಯನ್ನು ಸರಿಯಾಗಿ ಇಡುವುದಕ್ಕೂ ಒಂದು ಕ್ರಮವಿದೆ. ಯಂತ್ರದ ಮುಂಭಾಗದ ಗಾಜಿನಂಥ ಕೊಳವೆಯಲ್ಲಿ ಪುಟ್ಟ ಗುಂಡೊಂದು ತೇಲುತ್ತಿರುತ್ತದೆ. ನಿಂತು ಮೇಲಿನಿಂದ ಬಗ್ಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕುಕ್ಕರಗಾಲಿನಲ್ಲಿ ಕೂತು, ಗುಂಡು ಕಣ್ಣಿನ ನೇರಕ್ಕೆ ಬರುವಂತೆ ನೋಡಬೇಕು. ಗುಂಡಿನ ನಡುಭಾಗ ಒಂದೂವರೆಯ ಗೆರೆಯ ಮೇಲಿರಬೇಕು. ಹತ್ತು ಲೀಟರಿನ ದೊಡ್ಡ ಯಂತ್ರಗಳಲ್ಲಿ ಗೆರೆಗಳು ಒತ್ತೊತ್ತಾಗಿರುವುದರಿಂದ ಒಂದು, ಒಂದೂವರೆ ಲೀಟರ್ ಗುರುತಿಸುವುದೇ ಕಷ್ಟ. ಇಷ್ಟು ಕಡಿಮೆ ಬೇಕಾದವರಿಗೆ ಐದು ಲೀಟರಿನ ಯಂತ್ರವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ? ಮೊದಲು ನೋಡಬೇಕಾದ್ದು ಗುಬಟನ್ನಲ್ಲ, ಪೈಪನ್ನು. ಮಂಚದ ಕಾಲಡಿ ಸಿಕ್ಕಿದೆಯೇ, ಮಡಚಿದೆಯೇ? ನೀರಿನ ಬಾಟಲಿಯ ಮುಚ್ಚಳ ಓರೆಯಾಗಿದ್ದರೆ ಆಮ್ಲಜನಕ ಅಲ್ಲಿಂದಲೇ ಸೋರಿಹೋಗುತ್ತದೆ. ಮೂಗಿಗೆ ಸಿಕ್ಕಿಸುವ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿದರೆ ಗುಳ್ಳೆ ಬರಬೇಕು. ಬರುತ್ತಿದ್ದರೆ ತುದಿಯನ್ನು ಒರೆಸಿ, ಯಂತ್ರದಲ್ಲಿ ಎಚ್ಚರಿಕೆಯ ದೀಪ ಹತ್ತಿದೆಯೇ ನೋಡಿ. ಇವೆಲ್ಲ ಸರಿಯಿದ್ದೂ ಸಂಖ್ಯೆ ಏರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟೇ ಏರಿಸಬೇಕು. ತುಟಿ ನೀಲಿಯಾದರೆ, ಮಾತಾಡಲೂ ಉಸಿರು ಸಾಲದಿದ್ದರೆ ಕಾಯುವಂತಿಲ್ಲ, ಆಂಬುಲೆನ್ಸ್ ಕರೆಸಬೇಕು.

ಇನ್ನು ಬೆಂಕಿಯ ವಿಷಯ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಉರಿಯುವ ವಸ್ತುವನ್ನು ಬೇಗ ಹೊತ್ತಿಸಿ, ಜೋರಾಗಿ ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 21 ಪಾಲು. ಯಂತ್ರದಿಂದ ಬರುವುದರಲ್ಲಿ ಸುಮಾರು 93 ಪಾಲು. ಸಾಮಾನ್ಯ ಮನೆಯ ಯಂತ್ರದಿಂದ ಅದು ಬಿಡುವಿಲ್ಲದೆ ಬರುತ್ತಿರುತ್ತದೆ, ಅಜ್ಜಿ ಉಸಿರು ಬಿಡುವಾಗಲೂ ಕೂಡ. ಒಳಗೆ ಹೋಗದೆ ಉಳಿದದ್ದು ಮೇಲ್ದುಟಿ, ಗಲ್ಲದ ಮೇಲಿಂದ ಇಳಿದು ಸೆರಗಿನ ಮಡಿಕೆ, ಕೂದಲು, ಕೌದಿಗಳಲ್ಲಿ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಅಂಥ ಸೆರಗಿಗೆ ಕಿಡಿ ತಾಗಿದರೆ ಕೊಡವಿ ಆರಿಸುವಷ್ಟು ಸಮಯ ಸಿಗುವುದಿಲ್ಲ. ಪೈಪಿಗೆ ಹತ್ತಿದರೆ ಅದರುದ್ದಕ್ಕೂ ಉರಿ ಹರಿದು ಮುಖಕ್ಕೇ ಬರುತ್ತದೆ.

‘ಯಂತ್ರವನ್ನು ಅಡುಗೆಮನೆಯಿಂದ ದೂರ ಇಟ್ಟಿದ್ದೇವೆ’ ಎಂದುಕೊಂಡು ನಿಶ್ಚಿಂತರಾಗುವವರಿದ್ದಾರೆ. ಯಂತ್ರವೂ ರೋಗಿಯೂ ಯಾವುದೇ ಉರಿಯಿಂದ ಕನಿಷ್ಠ ಹತ್ತು ಅಡಿ ದೂರವಿರಬೇಕು, ನಿಜ. ಆದರೆ ಉದ್ದನೆಯ ಪೈಪು ಎಳೆದುಕೊಂಡು ಅಜ್ಜಿಯೇ ಒಲೆಯ ಬಳಿ ಹೋದರೆ? ನಲವತ್ತು ವರ್ಷ ಅಡುಗೆಮನೆ ನಡೆಸಿದವರು ಹಾಲು ಉಕ್ಕುವ ಸದ್ದಿಗೆ ಎದ್ದೇ ಏಳುತ್ತಾರೆ. ಹಂಡೆ ಒಲೆಗೆ ಸೌದೆ ತಳ್ಳಲು ಬಗ್ಗುತ್ತಾರೆ, ದೇವರ ದೀಪದ ಬತ್ತಿ ಸರಿಮಾಡುತ್ತಾರೆ, ಮಂಗಳಾರತಿಯ ಕರ್ಪೂರದ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸೊಳ್ಳೆಬತ್ತಿ, ಊದುಬತ್ತಿ, ತಲೆಗೂದಲಿಗೆ ಹಿಡಿಯುವ ಸಾಂಬ್ರಾಣಿಯ ಕೆಂಡ, ಮಾತಾಡಿಸಲು ಬಂದವರ ಬೀಡಿ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಪೈಪು ಒಲೆಯ ತನಕ ಮುಟ್ಟದಷ್ಟೇ ಉದ್ದವಿರಲಿ. ದೇವರ ಮನೆಯಲ್ಲಿ ವಿದ್ಯುತ್ ದೀಪ ಇಡಿ. ಅವರು ಬಯಸಿದರೆ ಆರತಿಯನ್ನು ದೂರದಿಂದ ತೋರಿಸಿ, ಕುಂಕುಮ, ಪ್ರಸಾದ ಮಾತ್ರ ಹತ್ತಿರ ತನ್ನಿ. ಯಂತ್ರ ಆರಿಸಿದ ಕೂಡಲೇ ಬಟ್ಟೆಯೊಳಗಿನ ಆಮ್ಲಜನಕ ಹೋಗುವುದಿಲ್ಲ. ಗಾಳಿಯಾಡುವ ಕಡೆ ಕನಿಷ್ಠ ಇಪ್ಪತ್ತು ನಿಮಿಷ ಕಳೆಯದೆ ಅವರು ಯಾವ ಉರಿಯ ಹತ್ತಿರವೂ ಹೋಗಬಾರದು. ಊಟಕ್ಕೆ ಏಳುವಾಗ ಪೈಪನ್ನು ಹಾಸಿಗೆಯ ಮೇಲೆ ಬಿಸಾಡಿ ಯಂತ್ರವನ್ನು ಹಾಗೇ ಓಡಲು ಬಿಟ್ಟರೆ ಹಾಸಿಗೆಯೇ ಆಮ್ಲಜನಕ ಹೀರಿಕೊಳ್ಳುತ್ತದೆ.

ಮೂಗಿನ ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ನೋವಿನ ಮುಲಾಮು ಹಚ್ಚಬಾರದು. ಇವು ಉರಿಗೆ ಇಂಧನವಾಗುತ್ತವೆ. ನೀರಿನಂಶದ ಜೆಲ್ ಔಷಧದಂಗಡಿಯಲ್ಲಿ ಸಿಗುತ್ತದೆ. ಪೈಪಿನ ನಡುವೆ ಜೋಡಿಸುವ, ಬೆಂಕಿ ಬಂದರೆ ಕರಗಿ ಆಮ್ಲಜನಕವನ್ನು ತಡೆಯುವ ಫೈರ್‌ಬ್ರೇಕ್ ಎಂಬ ಪುಟ್ಟ ಸಾಧನವಿದೆ. ಯಂತ್ರ ಕೊಡುವವರನ್ನು ಕೇಳಿ ಹಾಕಿಸಿಕೊಳ್ಳಿ.

ನನ್ನನ್ನು ಹೆಚ್ಚು ಕಾಡುವುದು ರಾತ್ರಿ ಕರೆಂಟು ಹೋಗುವ ಹೊತ್ತು. ಯಂತ್ರ ನಿಂತು ಕೂಗಿಕೊಳ್ಳುತ್ತದೆ, ಕತ್ತಲಲ್ಲಿ ಯಾರೋ ಮೇಣದಬತ್ತಿ ಹಚ್ಚುತ್ತಾರೆ, ಇನ್ನೊಬ್ಬರು ಅದೇ ಬೆಳಕಿನಲ್ಲಿ ತುರ್ತಿಗಿಟ್ಟ ಸಿಲಿಂಡರ್ ತಿರುಗಿಸುತ್ತಾರೆ. ಆಮ್ಲಜನಕವೂ ಉರಿಯೂ ಒಂದೇ ಕೋಣೆಯಲ್ಲಿ ಸೇರುವುದು ಹೀಗೆ. ಅಜ್ಜಿಯ ಕೋಣೆಯಿಂದ ಬೆಂಕಿಪೊಟ್ಟಣವನ್ನು ಇವತ್ತೇ ತೆಗೆದು, ಸಿಲಿಂಡರಿನ ಕೊರಳಿಗೆ ಒಂದು ಟಾರ್ಚ್ ಕಟ್ಟಿಡಿ. ‘ಒಂದೂವರೆ ಲೀಟರ್’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಯಂತ್ರಕ್ಕೂ ಸಿಲಿಂಡರಿಗೂ ಅಂಟಿಸಿ. ಆ ಗಡಿಬಿಡಿಯಲ್ಲಿ ಗುಬಟು ತಿರುಗಿಸುವವರು ಪಕ್ಕದ ಮನೆಯವರೂ ಆಗಿರಬಹುದು.