ಟ್ರ್ಯಾಕಿನಲ್ಲಿ ಏರುವ ಗಾಳಿ, ಹೆದ್ದಾರಿಯಲ್ಲಿ ಇಳಿಯುವ ಗಾಳಿ

ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ ನಡೆದಾಗ ಬೆಂಗಳೂರಿನಿಂದಲೂ ಕಾರುಗಳು ಬರುತ್ತವೆ. ಬಹಳಷ್ಟು ಕಾರುಗಳಲ್ಲಿರುವುದು ದಿನಾ ಆಫೀಸಿಗೆ ಓಡಾಡುವ ಮಾಮೂಲಿ ಟೈರೇ. ಒಂದು ಸುತ್ತು ಸುಮಾರು 3.7 ಕಿಲೋಮೀಟರ್, ಒಂದು ಸೆಷನ್ 15-20 ನಿಮಿಷ. ಊರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ಟೈರು ಅಷ್ಟು ಹೊತ್ತಿನಲ್ಲೇ ಬೇರೆ ರೀತಿ ವರ್ತಿಸತೊಡಗುತ್ತದೆ.

ಮೊದಲ ಎರಡು ಸುತ್ತು ಕಾರು ಹೇಳಿದ ಹಾಗೆ ಕೇಳುತ್ತದೆ. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ಅದೇ ತಿರುವಿಗೆ ಅದೇ ವೇಗದಲ್ಲಿ ಬಂದರೂ ಮುಂದಿನ ಚಕ್ರಗಳು ಹೊರಗೆ ಜಾರುತ್ತವೆ. ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಚುರುಕಾಗಿ ಕಿರುಚುತ್ತಿದ್ದ ಟೈರು ಮಂದವಾಗಿ ನರಳತೊಡಗಿದರೆ ಅದು ಕಾದಿದೆ ಎಂದೇ ಅರ್ಥ. ಆಗ ವೇಗ ಇಳಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಒಂದು ನಿಧಾನದ ಸುತ್ತು ಹಾಕಿ ಒಳಗೆ ಬರಬೇಕು.

ರಬ್ಬರನ್ನು ಅದುಮಿ ಬಿಟ್ಟಾಗ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ, ಆದರೆ ಅದುಮಲು ಹಾಕಿದ ಶಕ್ತಿಯಷ್ಟನ್ನೂ ಹಿಂತಿರುಗಿಸುವುದಿಲ್ಲ. ಉಳಿದದ್ದು ಶಾಖವಾಗುತ್ತದೆ. ರಸ್ತೆ ಟೈರಿನಲ್ಲಿ ಈ ಕಾಟ ಹೆಚ್ಚು. ಮಳೆನೀರು ಹೊರಹೋಗಲೆಂದು ಅದರ ಮೈಮೇಲೆ ಆಳವಾದ ಕಾಲುವೆಗಳಿರುತ್ತವೆ, ಅವುಗಳ ನಡುವೆ ನಿಂತ ಎತ್ತರದ ಬಟನ್‌ಗಳು ಪ್ರತಿ ತಿರುವಿನಲ್ಲೂ ಓಲಾಡುತ್ತವೆ. ಓಲಾಡಿದಷ್ಟೂ ಕಾಯುತ್ತವೆ, ಕಾದಷ್ಟೂ ಮೆತ್ತಗಾಗುತ್ತವೆ, ಕೊನೆಗೆ ಅಂಚು ಕಿತ್ತುಬರುತ್ತದೆ. ಹಾಗಾಗಿ ಒಣ ಟ್ರ್ಯಾಕಿನಲ್ಲಿ ಸುಮಾರು 8 ಮಿಲಿಮೀಟರ್ ಬಟನ್ ಇರುವ ಹೊಚ್ಚ ಹೊಸ ಟೈರಿಗಿಂತ, ಅರ್ಧ ಸವೆದ ಟೈರೇ ಹೆಚ್ಚು ಹೊತ್ತು ತಾಳುತ್ತದೆ. ಮಳೆ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗು.

ಇನ್ನು ಒಳಗಿನ ಗಾಳಿ. ಕಾರಿನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ 32 ಪಿಎಸ್‌ಐ ಎಂದಿದೆ ಎನ್ನೋಣ. ಅದು ತಣ್ಣಗಿರುವ ಟೈರಿನ ಲೆಕ್ಕ. ಬೆಳಿಗ್ಗೆ 30 ಡಿಗ್ರಿಯಲ್ಲಿ ಅಷ್ಟು ಗಾಳಿ ಹಾಕಿಸಿಕೊಂಡು ಟ್ರ್ಯಾಕಿಗಿಳಿದಾಗ ಒಳಗಿನ ಗಾಳಿ 80 ಡಿಗ್ರಿಗೆ ಕಾದರೆ, ಅದೇ ಟೈರು ಹತ್ತಿರ ಹತ್ತಿರ 40 ಪಿಎಸ್‌ಐ ತೋರಿಸುತ್ತದೆ. ಯಾರೂ ಗಾಳಿ ತುಂಬಿಲ್ಲ, ಶಾಖವೇ ಎಂಟು ಪಿಎಸ್‌ಐ ಏರಿಸಿದೆ. ಆಗ ಟೈರಿನ ಮಧ್ಯಭಾಗ ಉಬ್ಬಿ, ನೆಲಕ್ಕೆ ತಾಗುವ ಜಾಗ ಕಿರಿದಾಗಿ ಹಿಡಿತ ಇನ್ನಷ್ಟು ತಪ್ಪುತ್ತದೆ.

ಅದಕ್ಕೇ ಅನುಭವಸ್ಥರು ಸೆಷನ್ ಮುಗಿದೊಡನೆ, ಟೈರು ತಣಿಯುವ ಮೊದಲೇ, ಗೇಜ್ ಹಿಡಿದು ಬಗ್ಗುತ್ತಾರೆ. ಸ್ವಲ್ಪ ಗಾಳಿ ಬಿಟ್ಟು ಬಿಸಿ ಒತ್ತಡವನ್ನು, ಉದಾಹರಣೆಗೆ, 36ಕ್ಕೆ ತರುತ್ತಾರೆ. ಸರಿಯಾದ ಅಂಕಿ ಕಾರಿನಿಂದ ಕಾರಿಗೆ ಬೇರೆ. ಅದನ್ನು ಹುಡುಕಲು ಒಂದು ಸೀಮೆಸುಣ್ಣ ಸಾಕು. ಬಟನ್‌ನ ಹೊರ ಅಂಚಿನಿಂದ ಸೈಡ್‌ವಾಲ್ ಮೇಲಕ್ಕೆ ಗೆರೆ ಎಳೆದು ಕೆಲವು ಸುತ್ತು ಓಡಿಸಬೇಕು. ಅನೇಕ ಟೈರುಗಳ ಭುಜದಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಸುಣ್ಣ ಆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಸೈಡ್‌ವಾಲ್ ಮೇಲೂ ಅಳಿಸಿದ್ದರೆ ಟೈರು ಮಗುಚಿಕೊಳ್ಳುತ್ತಿದೆ, ಗಾಳಿ ಕಡಿಮೆಯಾಗಿದೆ. ಭುಜದ ಅಂಚಿಗೇ ಬಾರದಿದ್ದರೆ ಗಾಳಿ ಜಾಸ್ತಿ.

ಸವೆತವೂ ನಾಲ್ಕೂ ಟೈರುಗಳಿಗೆ ಒಂದೇ ಸಮ ಅಲ್ಲ. ಬಲ ತಿರುವುಗಳೇ ಹೆಚ್ಚಿರುವ ಟ್ರ್ಯಾಕಿನಲ್ಲಿ ಭಾರವೆಲ್ಲ ಎಡಕ್ಕೆ ವಾಲುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಹ್ಯಾಚ್‌ಬ್ಯಾಕ್‌ನಲ್ಲಿ ಎಡ ಮುಂಭಾಗದ ಟೈರು ತಿರುಗಿಸಬೇಕು, ಎಳೆಯಬೇಕು, ಬ್ರೇಕಿನ ಹೊರೆಯನ್ನೂ ಹೊರಬೇಕು. ಸಂಜೆ ಅದರ ಹೊರಭುಜದ ಮೇಲೆ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚುತ್ತದೆ. ಮಧ್ಯದಲ್ಲಿ ಬೇಕಾದಷ್ಟು ಬಟನ್ ಉಳಿದಿದ್ದರೂ ಭುಜ ಬೋಳಾಗಿರಬಹುದು. ಮಧ್ಯದ ಕಾಲುವೆಯನ್ನಷ್ಟೇ ನೋಡಿ ಟೈರು ಚೆನ್ನಾಗಿದೆ ಎನ್ನುವವರು ಮೋಸಹೋಗುವುದು ಇಲ್ಲೇ. ಒಳಗಿನ ನೂಲಿನ ಎಳೆ ಇಣುಕಿದರೆ ಅಥವಾ ಸೈಡ್‌ವಾಲ್ ಎಲ್ಲಾದರೂ ಉಬ್ಬಿದ್ದರೆ ಆ ಟೈರಿನಲ್ಲಿ ಊರಿಗೆ ಮರಳುವ ಹಾಗಿಲ್ಲ, ಅಲ್ಲೇ ಬದಲಿಸಬೇಕು.

ಹೆಚ್ಚಿನವರು ಮರೆಯುವುದು ವಾಪಸ್ ಪ್ರಯಾಣವನ್ನು. ಬಿಸಿಯಲ್ಲಿ 36ಕ್ಕೆ ಇಳಿಸಿದ ಟೈರು ಪೂರ್ತಿ ತಣಿದಾಗ ಸುಮಾರು 29ಕ್ಕೆ ಬಂದಿರುತ್ತದೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ರಾತ್ರಿ ಹೆದ್ದಾರಿಯ ವೇಗ. ಗಾಳಿ ಕಡಿಮೆಯಿದ್ದಾಗ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಮತ್ತೆ ಕಾಯುತ್ತದೆ, ಹಗಲಿಡೀ ಬೆಂದ ಟೈರು ಸಿಡಿಯುವ ಅಪಾಯವೂ ಇದರಿಂದಲೇ. ಹೊರಡುವ ಮೊದಲು ಪೂರ್ತಿ ತಣಿಯಲು ಬಿಟ್ಟು 32 ಹಾಕಿಸುವುದು ಒಳ್ಳೆಯದು. ಕಾಯಲು ಹೊತ್ತಿಲ್ಲ, ಟೈರು ಇನ್ನೂ 50 ಡಿಗ್ರಿಯಷ್ಟು ಬೆಚ್ಚಗಿದೆ ಎಂದಾದರೆ ಗೇಜಿನಲ್ಲಿ 35 ಕಾಣುವಷ್ಟು ಹಾಕಿಸಬೇಕು, ತಣಿದಾಗ ಅದು 32ಕ್ಕೆ ಬಂದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನಾಲ್ಕೂ ಟೈರುಗಳ ಗಾಳಿಯನ್ನು ಮತ್ತೊಮ್ಮೆ ನೋಡಬೇಕು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಪಂಕ್ಚರ್ ಆಗಿರಬಹುದು, ಇಲ್ಲವೇ ವಾಲ್ವ್ ಸೋರುತ್ತಿರಬಹುದು.