ದೂರು ವೈರಲ್ ಆದಾಗ ಹೋಟೆಲ್ ಏನು ಮಾಡಬೇಕು?

ಪ್ರಶ್ನೆ: ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಶಾಖೆಗಳಿರುವ ಹೋಟೆಲ್‌ನ ಊಟದಲ್ಲಿ ಹುಳು ಸಿಕ್ಕಿತೆಂಬ ವಿಡಿಯೊ ಹರಡಿದರೆ ಮಾಲೀಕರು ಮೊದಲು ಏನು ಮಾಡಬೇಕು?

ಉತ್ತರ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ ಜ್ವಾಲೆ ಹೆಚ್ಚುತ್ತದೆ, ಮೊದಲು ಒಲೆ ಆರಿಸಬೇಕು. ದೂರಿಗೆ ನಿರಾಕರಣೆ, ಬೆದರಿಕೆಗಳು ಆ ನೀರಿನಂತೆ.

ಮೊದಲ ಗಂಟೆಯಲ್ಲೇ ಆ ಅಡುಗೆಯನ್ನು ಬಡಿಸುವುದನ್ನು ನಿಲ್ಲಿಸಿ, ಉಳಿದದ್ದನ್ನು ಚೆಲ್ಲದೆ ತೆಗೆದಿಡಬೇಕು. ಯಾವ ಶಾಖೆ, ಯಾವ ಹೊತ್ತು ಎಂಬುದನ್ನು ಬಿಲ್ ಮತ್ತು ಸಿಸಿಟಿವಿಯಿಂದ ಖಚಿತಪಡಿಸಿಕೊಳ್ಳಬೇಕು. ಎಲ್ಲ ಶಾಖೆಗಳ ಪರವಾಗಿ ಒಬ್ಬರೇ ಮಾತನಾಡಬೇಕು. ವಿಡಿಯೊ ಹರಡಿದ ಜಾಲತಾಣದಲ್ಲೇ ‘ದೂರು ಗಮನಿಸಿದ್ದೇವೆ, ಪರಿಶೀಲಿಸುತ್ತಿದ್ದೇವೆ’ ಎಂದು ತಿಳಿಸಿ, ದೂರಿದ ಗ್ರಾಹಕರನ್ನು ನೇರವಾಗಿ ಸಂಪರ್ಕಿಸಬೇಕು. ಕಾರಣ ಗೊತ್ತಾಗುವ ಮೊದಲು ಯಾರನ್ನೂ ದೂರಬಾರದು. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ಒಯ್ದರೆ, ವಿಶ್ಲೇಷಕರ ವರದಿಗೆ ನಿಯಮದಂತೆ 14 ದಿನಗಳ ಗಡುವಿದೆ, ಅಲ್ಲಿಯವರೆಗೆ ಮೌನವಾಗಿರಲಾಗದು. ತಪ್ಪು ಸಾಬೀತಾದರೆ ಕ್ಷಮೆ ಕೇಳಿ, ಸರಿಪಡಿಸಿದ್ದನ್ನು ತೋರಿಸಬೇಕು.

ತಡವಾದರೆ ಏನಾಗುತ್ತದೆಂಬುದಕ್ಕೆ 2009ರ ಏಪ್ರಿಲ್‌ನ ಡಾಮಿನೋಸ್ ಪ್ರಕರಣ ಸಾಕ್ಷಿ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾಖೆಯೊಂದರ ಇಬ್ಬರು ನೌಕರರು ಆಹಾರವನ್ನು ಕೊಳಕು ಮಾಡುವ ವಿಡಿಯೊ ಯೂಟ್ಯೂಬ್‌ನಲ್ಲಿ ಹರಡಿತು. ಸುದ್ದಿ ಇನ್ನಷ್ಟು ಹಬ್ಬೀತೆಂದು ಕಂಪನಿ ಮೊದಲು ಬಹಿರಂಗವಾಗಿ ಉತ್ತರಿಸಲಿಲ್ಲ. ಸುಮಾರು ಎರಡು ದಿನಗಳ ಬಳಿಕ ಅದರ ಅಮೆರಿಕ ವಿಭಾಗದ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಯೂಟ್ಯೂಬ್‌ನಲ್ಲೇ ಕ್ಷಮೆ ಕೇಳುವಷ್ಟರಲ್ಲಿ ಲಕ್ಷಾಂತರ ಜನ ಆ ವಿಡಿಯೊ ನೋಡಿಯಾಗಿತ್ತು.